ನಿಲ್ಲುವುದು ಗ್ಯಾರಂಟಿ, ಆದರೂ for ಲೂಪಿಗೆ ಸಿಗದ ಫಂಕ್ಷನ್

ಅಕರ್ಮಾನ್ ಫಂಕ್ಷನ್ ಯಾವ ಇನ್‌ಪುಟ್ ಕೊಟ್ಟರೂ ನಿಲ್ಲುತ್ತೆ. ಆದ್ರೂ ಅದು ಪ್ರಿಮಿಟಿವ್ ರಿಕರ್ಸಿವ್ ಅಲ್ಲ, ಜನರಲ್ ರಿಕರ್ಸಿವ್ ಮಾತ್ರ ಅಂತಾರಲ್ಲ, ಯಾಕೆ?

ನಿಂತರೆ ಸಾಲದು, ಎಷ್ಟು ಸುತ್ತು ಅನ್ನುವುದು ಲೂಪಿನೊಳಗೆ ಹೋಗುವ ಮೊದಲೇ ಗೊತ್ತಿರಬೇಕು. ಬರೀ for ಲೂಪ್‌ಗಳಲ್ಲಿ ಬರೆಯಲು ಆಗುವುದೆಲ್ಲ ಪ್ರಿಮಿಟಿವ್ ರಿಕರ್ಸಿವ್. ಲೂಪ್ ಶುರುವಾದ ಮೇಲೆ ಸುತ್ತಿನ ಲೆಕ್ಕ ಬದಲಾಯಿಸುವ ಹಾಗಿಲ್ಲ. ಜನರಲ್ ರಿಕರ್ಸಿವ್‌ನಲ್ಲಿ while ಕೂಡ ಇದೆ, ಅಂದರೆ ಸಿಗುವವರೆಗೂ ಹುಡುಕಬಹುದು.

ಅಕರ್ಮಾನ್ ಇದನ್ನು ಪ್ರಕಟಿಸಿದ್ದು 1928ರಲ್ಲಿ. ಈಗ ಎಲ್ಲರೂ ಬಳಸುವುದು ರೋಜಾ ಪೇಟರ್, ರಾಫೆಲ್ ರಾಬಿನ್ಸನ್ ಆಮೇಲೆ ಸರಳ ಮಾಡಿದ ರೂಪ:

```
A(0, n) = n + 1
A(m, 0) = A(m-1, 1)
A(m, n) = A(m-1, A(m, n-1))
```

m = 2 ಆದರೆ ಉತ್ತರ 2n+3. m = 3 ಆದರೆ 2^(n+3) − 3. ಮೂರನೇ ಸಾಲನ್ನು ಬಿಡಿಸಿ ನೋಡಿ: 1ರಿಂದ ಶುರುಮಾಡಿ, ಹಿಂದಿನ m ಇದ್ದ ಫಂಕ್ಷನ್ ಅನ್ನೇ n+1 ಸಲ ಹಾಕುತ್ತಾ ಹೋಗುವುದು, ಅಷ್ಟೇ. ಅಂದರೆ m ಒಂದು ಏರಿದಾಗಲೆಲ್ಲ ಹೊರಗಡೆ ಇನ್ನೊಂದು for ಸುತ್ತಿಕೊಳ್ಳುತ್ತದೆ. A(4,1) = 65533, A(4,2)ರಲ್ಲಿ 19,729 ಅಂಕಿಗಳು! ಆದರೂ m ಅನ್ನು 4ಕ್ಕೆ ಕಟ್ಟಿಹಾಕಿದರೆ ಅದು ಪ್ರಿಮಿಟಿವ್ ರಿಕರ್ಸಿವೇ. ಸಂಖ್ಯೆ ದೊಡ್ಡದು ಅನ್ನುವುದು ತೊಂದರೆ ಅಲ್ಲ. m ಕೂಡ ಇನ್‌ಪುಟ್ ಆದಾಗ ಲೂಪೊಳಗೆ ಲೂಪು ಎಷ್ಟು ಆಳ ಅನ್ನುವುದೇ ಇನ್‌ಪುಟ್ ಆಗಿಬಿಡುತ್ತದೆ. ನೀವು ಬರೆದಿಟ್ಟ ಪ್ರೋಗ್ರಾಮಿನಲ್ಲಿ ಆ ಆಳ ಮೊದಲೇ ಫಿಕ್ಸ್ ಆಗಿದೆ, ಅಲ್ವಾ?

ಬೇರೇನಾದರೂ ಉಪಾಯ ಇರಬಹುದು ಅನ್ನಿಸಿದರೆ, ಇಲ್ಲ. ಯಾವ ಪ್ರಿಮಿಟಿವ್ ರಿಕರ್ಸಿವ್ f(n) ತಗೊಂಡರೂ, ಎಲ್ಲ nಗೂ f(n) < A(k, n) ಆಗುವಂಥ ಒಂದು k ಸಿಗುತ್ತದೆ. ಇದನ್ನು f ಕಟ್ಟಿದ ಹಂತಗಳ ಮೇಲೆ ಇಂಡಕ್ಷನ್ ಮಾಡಿ ತೋರಿಸುತ್ತಾರೆ, ಸ್ವಲ್ಪ ಬೋರು, ಬಿಡಿ. A ಪ್ರಿಮಿಟಿವ್ ರಿಕರ್ಸಿವ್ ಆಗಿದ್ದರೆ A(n, n) ಕೂಡ ಆಗಬೇಕು, ಅದಕ್ಕೂ ಒಂದು k ಇರಬೇಕು. n ಜಾಗದಲ್ಲಿ ಆ k ಹಾಕಿ: A(k, k) < A(k, k). ಮುಗೀತು.

ನನಗೆ ಇಷ್ಟವಾದ ವಿಷಯ ಇನ್ನೊಂದಿದೆ. m, n, z ಮೂರನ್ನೂ ಕೊಟ್ಟು "A(m, n) = z ಹೌದಾ?" ಅಂತ ಕೇಳಿದರೆ, ಆ ಪರೀಕ್ಷೆ ಪ್ರಿಮಿಟಿವ್ ರಿಕರ್ಸಿವ್! z ಕೈಯಲ್ಲಿದ್ದರೆ ಅದೇ ಮಿತಿ ಹೇಳಿಬಿಡುತ್ತದೆ. ಆ zಗಾಗಿ 0, 1, 2 ಅಂತ ಹುಡುಕುವುದಕ್ಕೆ ಮಾತ್ರ while ಬೇಕು.

ಹಾಗಂತ ವೇಗವಾಗಿ ಬೆಳೆಯುವವು ಮಾತ್ರ ತಪ್ಪಿಸಿಕೊಳ್ಳುತ್ತವೆ ಅಂದುಕೊಳ್ಳಬೇಡಿ. ಒಂದೇ ಇನ್‌ಪುಟ್ ಇರುವ for ಪ್ರೋಗ್ರಾಮ್‌ಗಳನ್ನೆಲ್ಲ f0, f1, f2 ಅಂತ ಪಟ್ಟಿ ಮಾಡಿ. fn(n) ಸೊನ್ನೆ ಆದರೆ 1, ಇಲ್ಲದಿದ್ದರೆ 0 ಕೊಡುವ ಫಂಕ್ಷನ್ ಸುಲಭವಾಗಿ ಲೆಕ್ಕ ಹಾಕಬಹುದು, ಯಾವಾಗಲೂ ನಿಲ್ಲುತ್ತದೆ, ಆದರೆ ಪಟ್ಟಿಯಲ್ಲಿ ಎಲ್ಲೂ ಇಲ್ಲ. while ಇರುವ ಪ್ರೋಗ್ರಾಮ್‌ಗಳ ಮೇಲೆ ಇದೇ ಆಟ ನಡೆಯುವುದಿಲ್ಲ, ಯಾಕೆಂದರೆ ಯಾವಾಗಲೂ ನಿಲ್ಲುವ ಫಂಕ್ಷನ್‌ಗಳೆಲ್ಲ ಇರುವ, ಅವು ಮಾತ್ರ ಇರುವ ಪಟ್ಟಿಯನ್ನು ಯಾವ ಪ್ರೋಗ್ರಾಮೂ ಮಾಡಿಕೊಡಲಾರದು.