ಇಂಗ್ಲಿಷ್ ವಾಕ್ಯಕ್ಕೆ ಸರಿಯಾದ ಕನ್ನಡ ರೂಪವನ್ನು ಆರಿಸುವುದು ಹೇಗೆ?

ಪರೀಕ್ಷೆಯಲ್ಲಿ ನಾಲ್ಕು ಅನುವಾದಗಳನ್ನು ಕೊಟ್ಟಾಗ ಪದಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ‘ಯಾರು’ ಎಂಬರ್ಥದ ಇಂಗ್ಲಿಷ್ ಪದ ‘ಹೂ’ ಇರುವ ವಾಕ್ಯಗಳಲ್ಲಂತೂ ತುಂಬ ಗೊಂದಲವಾಗುತ್ತದೆ. ಸರಿಯಾದದ್ದನ್ನು ಗುರುತಿಸುವುದು ಹೇಗೆ?

ಮೊದಲು ಇಂಗ್ಲಿಷ್ ವಾಕ್ಯದ ಮುಖ್ಯ ಕ್ರಿಯಾಪದವನ್ನು ಗುರುತಿಸಿ, ಅದೇ ಕ್ರಿಯೆಯಿಂದ ಮುಗಿಯುವ ಕನ್ನಡ ವಾಕ್ಯವನ್ನು ಹುಡುಕಿ. ‘ಹೂ’ ಇಂದ ಆರಂಭವಾಗುವ ಭಾಗವು ಆ ಕನ್ನಡ ವಾಕ್ಯದಲ್ಲಿ ಸಾಮಾನ್ಯವಾಗಿ ನಾಮಪದಕ್ಕಿಂತ ಮೊದಲು ವಿಶೇಷಣದಂತೆ ನಿಂತಿರುತ್ತದೆ. ಇಂಗ್ಲಿಷಿನಲ್ಲಿ ವಿವರಣೆ ನಾಮಪದದ ನಂತರ ಬಂದರೆ, ಕನ್ನಡದಲ್ಲಿ ‘ಕಲಿಸಿದ’, ‘ಬರೆಯುವ’ ಎಂಬಂಥ ಕೃದಂತದ ರೂಪದಲ್ಲಿ, ಅಂದರೆ ಕ್ರಿಯಾಪದದಿಂದಾದ ವಿಶೇಷಣವಾಗಿ, ಅದಕ್ಕಿಂತ ಮೊದಲೇ ಬರುತ್ತದೆ.

‘ದ ಟೀಚರ್ ಹೂ ಟಾಟ್ ಮಿ ಕನ್ನಡ ಹ್ಯಾಸ್ ರಿಟೈರ್ಡ್’ ಎಂಬ ವಾಕ್ಯವನ್ನು ನೋಡೋಣ. ಇಲ್ಲಿ ಹೇಳಹೊರಟಿರುವುದು ನಿವೃತ್ತಿಯ ಸಂಗತಿ. ಕಲಿಸಿದ್ದು ಯಾವ ಶಿಕ್ಷಕರೆಂಬುದರ ಗುರುತು ಮಾತ್ರ. ಆದ್ದರಿಂದ ‘ನನಗೆ ಕನ್ನಡ ಕಲಿಸಿದ ಶಿಕ್ಷಕರು ನಿವೃತ್ತರಾಗಿದ್ದಾರೆ’ ಎಂಬುದೇ ಸರಿ. ‘ಶಿಕ್ಷಕರು ಯಾರು ನನಗೆ ಕಲಿಸಿದರು ಕನ್ನಡ ನಿವೃತ್ತರಾಗಿದ್ದಾರೆ’ ಎಂಬ ಪದಶಃ ಅನುವಾದದ ದೋಷ ಓದಿದೊಡನೆ ಕಿವಿಗೆ ತಟ್ಟುತ್ತದೆ. ನಿಜಕ್ಕೂ ಮೋಸಗೊಳಿಸುವುದು ‘ನಿವೃತ್ತರಾದ ಶಿಕ್ಷಕರು ನನಗೆ ಕನ್ನಡ ಕಲಿಸಿದರು’ ಎಂಬ ಆಯ್ಕೆ: ಇದರ ಕನ್ನಡ ನಿರ್ದುಷ್ಟವಾಗಿದ್ದರೂ ಗುರುತು ಮತ್ತು ಸಂಗತಿಗಳು ಅದಲುಬದಲಾಗಿ, ನಿವೃತ್ತಿಯ ನಂತರವೇ ಅವರು ಪಾಠ ಹೇಳಿದರೆಂಬ ಅರ್ಥಕ್ಕೂ ಎಡೆಯಾಗುತ್ತದೆ.

ಆದರೆ ‘ಯಾರು’ ಎಂಬ ಪದ ಕಂಡ ಮಾತ್ರಕ್ಕೆ ಆಯ್ಕೆಯನ್ನು ತಳ್ಳಿಹಾಕಬಾರದು. ‘ಯಾರು ನನಗೆ ಕನ್ನಡ ಕಲಿಸಿದರೋ ಆ ಶಿಕ್ಷಕರು ನಿವೃತ್ತರಾಗಿದ್ದಾರೆ’ ಎಂಬುದು ತುಸು ಭಾರವಾದರೂ ವ್ಯಾಕರಣಬದ್ಧವೇ, ಏಕೆಂದರೆ ಕ್ರಿಯಾಪದದ ಕೊನೆಯ ‘ಓ’ಕಾರವೂ ಅದಕ್ಕೆ ಜೋಡಿಯಾದ ‘ಆ’ ಎಂಬುದೂ ಅಲ್ಲಿವೆ.