ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ದುಡ್ಡು ಉಳಿದು ಮೂರು ವರ್ಷ ದಾಟಿದರೆ ಆಫೀಸರ್‌ಗೆ ಏನು ಹೇಳಬೇಕು?

ಪ್ರಶ್ನೆ: ಮನೆ ಮಾರಿದ ದುಡ್ಡಲ್ಲಿ 18 ಲಕ್ಷ ಇನ್ನೂ ಕ್ಯಾಪಿಟಲ್ ಗೇನ್ಸ್ ಅಕೌಂಟಲ್ಲೇ ಇದೆ. ಮೂರು ವರ್ಷ ಮುಗಿದು ಹೋಯ್ತು. ಬ್ಯಾಂಕಿನವರು ಇನ್‌ಕಮ್ ಟ್ಯಾಕ್ಸ್ ಆಫೀಸರ್ ಸಹಿ ತನ್ನಿ ಅಂತಾರೆ. ಮನೆ ಯಾಕೆ ಕಟ್ಟಲಿಲ್ಲ ಅಂತ ಕೇಳಿದರೆ ಏನು ಕಾರಣ ಹೇಳಲಿ?

ಉತ್ತರ:

ಕಾರಣ ಹೇಳೋಕೆ ಹೋಗಲೇಬೇಡಿ. ನಾನು ನಾಲ್ಕು ಪುಟ ಕಾರಣ ಬರೆದುಕೊಂಡು ಹೋಗಿದ್ದೆ.

ಅಪ್ಪ ಬಿಟ್ಟುಹೋದ ಶಿವಮೊಗ್ಗದ ಮನೆಯನ್ನು 2015ರ ಫೆಬ್ರವರಿ 12ಕ್ಕೆ ಕ್ರಯ ಮಾಡಿಕೊಟ್ಟೆ. ಲಾಭ 32 ಲಕ್ಷ ಅಂತ ಆಡಿಟರ್ ಲೆಕ್ಕ ಹಾಕಿದರು. ಮೈಸೂರಿನ ಸೈಟಲ್ಲಿ ಮನೆ ಕಟ್ಟೋದು ಅಂತ ತೀರ್ಮಾನ ಆಗಿತ್ತು. ರಿಟರ್ನ್ ಹಾಕುವ ಮುಂಚೆ, ಅದೇ ಜುಲೈನಲ್ಲಿ, ಪೂರ್ತಿ 32 ಲಕ್ಷವನ್ನು ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಿದೆ. ಲಾಭವನ್ನು ಮೂರು ವರ್ಷದೊಳಗೆ ಮನೆ ಕಟ್ಟೋಕೆ ಹಾಕಿದರೆ ತೆರಿಗೆ ಇಲ್ಲ ಅನ್ನೋ ಸೆಕ್ಷನ್ 54ರ ವಿನಾಯಿತಿ ಸಿಕ್ತು. ಅಲ್ಲಿಗೆ ಎಲ್ಲ ಸರಿಯಾಗಿಯೇ ಇತ್ತು.

ಆಮೇಲಿನ ಕಥೆ ನಿಮ್ಮದೇ ಇರಬೇಕು. ಪ್ಲಾನ್ ಮಂಜೂರಾಗೋದು ತಡವಾಯ್ತು. ಮೇಸ್ತ್ರಿ ಅರ್ಧಕ್ಕೆ ಬಿಟ್ಟು ಹೋದ. ಪಾಯ, ಗೋಡೆ, ಮೋಲ್ಡ್‌ವರೆಗೆ 11 ಲಕ್ಷ ಖರ್ಚಾಯಿತು. 21 ಲಕ್ಷ ಖಾತೆಯಲ್ಲೇ ಉಳಿಯಿತು.

ಈಗ ನನ್ನ ತಪ್ಪು ಹೇಳ್ತೀನಿ. ಇದನ್ನು ಸ್ವಲ್ಪ ಜಾಸ್ತಿಯೇ ಎಳೀತೀನಿ, ಬೇಜಾರು ಮಾಡ್ಕೋಬೇಡಿ. ಮೂರು ವರ್ಷ ಅನ್ನೋದನ್ನು ನಾನು ಪಾಸ್‌ಬುಕ್ಕಿನ ಮೊದಲನೇ ಎಂಟ್ರಿಯಿಂದ ಎಣಿಸಿದೆ. 2015ರ ಜುಲೈಯಲ್ಲಿ ಹಾಕಿದ್ದು, ಅಂದ್ರೆ 2018ರ ಜುಲೈವರೆಗೆ ಟೈಮ್ ಇದೆ ಅಂತ. ಮನೆಯ ಕ್ಯಾಲೆಂಡರಲ್ಲಿ ಕೆಂಪು ಪೆನ್ನಲ್ಲಿ ಗುರುತು ಕೂಡ ಹಾಕಿದ್ದೆ. ಆದರೆ ಕಾನೂನು ಎಣಿಸೋದು ಮನೆ ಮಾರಿದ ದಿನದಿಂದ. ದುಡ್ಡು ಡೆಪಾಸಿಟ್ ಮಾಡಿದ ದಿನಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ನನ್ನ ಗಡುವು 2018ರ ಫೆಬ್ರವರಿಗೇ ಮುಗಿದಿತ್ತು.

ಐದು ತಿಂಗಳ ವ್ಯತ್ಯಾಸ ತಾನೇ ಅನ್ನಿಸುತ್ತೆ ಅಲ್ವಾ? ಆ ಐದು ತಿಂಗಳ ನಡುವೆ ಮಾರ್ಚ್ 31 ಬಂದು ಹೋಗಿತ್ತು. ಬಳಸದೆ ಉಳಿದ ದುಡ್ಡು, ಮೂರು ವರ್ಷ ತುಂಬುವ ಹಣಕಾಸು ವರ್ಷದ ಆದಾಯ ಅಂತ ಲೆಕ್ಕ. ಅದನ್ನು ಡ್ರಾ ಮಾಡಿದಾಗ ತೆರಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನೀವು ಮುಟ್ಟದೇ ಇದ್ದರೂ ಆ ವರ್ಷಕ್ಕೆ ಅದು ಆದಾಯವೇ. ನನ್ನದು 2017-18ರ ಆದಾಯ ಆಗಿತ್ತು. ನಾನು ಅದನ್ನು ಮುಂದಿನ ವರ್ಷಕ್ಕೆ ತೋರಿಸಿದರಾಯ್ತು ಅಂತ, 2018ರ ಜುಲೈಯಲ್ಲಿ ಬರೀ ಸಂಬಳ ತೋರಿಸಿ ರಿಟರ್ನ್ ಹಾಕಿ ಕೂತಿದ್ದೆ. ಆಡಿಟರ್ ಹತ್ತಿರ ಹೋಗಿರಲಿಲ್ಲ. ಸಂಬಳದ ರಿಟರ್ನ್‌ಗೆ ಅವರಿಗೆ ಸುಮ್ನೆ ಯಾಕೆ ದುಡ್ಡು ಕೊಡೋದು ಅಂತ.

ಸಾಲದು ಅಂತ ಏಪ್ರಿಲ್‌ನಲ್ಲಿ 3 ಲಕ್ಷ ತೆಗೆದು ಟೈಲ್ಸು, ಕಿಟಕಿ ತಂದಿದ್ದೆ. ಫಾರಂ ಸಿ ಕೊಟ್ಟೆ, ಬ್ಯಾಂಕಿನವರು ಅಂಗಡಿಯವನ ಹೆಸರಿಗೆ ಡಿಡಿ ಮಾಡಿಕೊಟ್ಟರು. ಯಾರೂ ತಾರೀಖು ಕೇಳಲಿಲ್ಲ. ಬ್ಯಾಂಕ್ ಕೊಟ್ಟಿತು ಅಂದ ಮಾತ್ರಕ್ಕೆ ವಿನಾಯಿತಿ ಸಿಕ್ಕಿತು ಅಂತಲ್ಲ. ಗಡುವು ದಾಟಿದ ಮೇಲೆ ಮನೆಗೇ ಖರ್ಚು ಮಾಡಿದರೂ ಅದು ಬಳಸದ ದುಡ್ಡೇ. ಆದ್ದರಿಂದ ಖಾತೆಯಲ್ಲಿ 18 ಲಕ್ಷ ಇದ್ದರೂ ತೆರಿಗೆ ಬಿದ್ದದ್ದು 21 ಲಕ್ಷಕ್ಕೆ. ನಿಮ್ಮ 18 ಲಕ್ಷವೂ ಹೀಗೇ ಕಡಿಮೆ ಆಗಿ ಉಳಿದದ್ದಾ ಅಂತ ಪಾಸ್‌ಬುಕ್ ತೆಗೆದು ನೋಡಿ.

ನವೆಂಬರಲ್ಲಿ ಖಾತೆ ಮುಚ್ಚೋಣ ಅಂತ ಫಾರಂ ಜಿ ತುಂಬಿಕೊಂಡು ಆಫೀಸಿಗೆ ಹೋದೆ. ಖಾತೆ ಮುಚ್ಚೋಕೆ ಆ ಫಾರಂ ಮೇಲೆ ಅಸೆಸಿಂಗ್ ಆಫೀಸರ್ ಒಪ್ಪಿಗೆ ಬೇಕೇ ಬೇಕು. ಜೊತೆಗೆ ನನ್ನ ನಾಲ್ಕು ಪುಟದ ಪತ್ರ, ಮೇಸ್ತ್ರಿಯ ಪುರಾಣ, ಅರ್ಧ ಮನೆಯ ಫೋಟೋಗಳು. ಮೇಡಂ ಪತ್ರವನ್ನು ಪಕ್ಕಕ್ಕೆ ಸರಿಸಿ ಕ್ರಯಪತ್ರದ ಮೊದಲನೇ ಪುಟ ತೆಗೆದರು. ತಾರೀಖಿನ ಮೇಲೆ ಬೆರಳಿಟ್ಟು, "ಮೇಷ್ಟ್ರೇ, ಇಲ್ಲಿಂದ ಮೂರು ವರ್ಷ ಎಣಿಸಿ" ಅಂದರು. ನಾನು ಎಣಿಸಿದೆ. ಮೂವತ್ತು ವರ್ಷ ಲೆಕ್ಕ ಪಾಠ ಮಾಡಿದವನು.

"ಇದನ್ನ ಯಾವ ರಿಟರ್ನಲ್ಲಿ ತೋರಿಸಿದ್ದೀರಿ?" ಅಂದರು. ಅವರು ಕೇಳಿದ್ದು ಇದೊಂದೇ ಪ್ರಶ್ನೆ. ಮನೆ ಯಾಕೆ ಕಟ್ಟಲಿಲ್ಲ ಅಂತ ಕೇಳಲೇ ಇಲ್ಲ. ಯಾಕೆ ಕೇಳಬೇಕು? ಗಡುವನ್ನು ಒಂದು ದಿನ ಮುಂದೆ ಹಾಕೋದೂ ಅವರ ಕೈಯಲ್ಲಿಲ್ಲ. ನಿಮ್ಮ ಕಷ್ಟ ನಿಜವೇ ಇದ್ದರೂ ಅದರಿಂದ ತೆರಿಗೆ ಕಮ್ಮಿ ಆಗಲ್ಲ.

ಪುಣ್ಯಕ್ಕೆ ಆ ವರ್ಷದ ರಿಟರ್ನ್ ತಿದ್ದೋಕೆ 2019ರ ಮಾರ್ಚ್ 31ರವರೆಗೆ ಅವಕಾಶ ಇತ್ತು. 21 ಲಕ್ಷಕ್ಕೆ ಶೇಕಡ 20, ಅದರ ಮೇಲೆ ಸೆಸ್ ಸೇರಿ 4,32,600 ರೂಪಾಯಿ. ಮಾರ್ಚ್ ಒಳಗೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿರಲಿಲ್ಲ ಅಂತ ತಿಂಗಳಿಗೆ ಶೇಕಡ 1ರಂತೆ, ಏಪ್ರಿಲ್‌ನಿಂದ ನವೆಂಬರ್‌ಗೆ ಎಂಟು ತಿಂಗಳ ಬಡ್ಡಿ 34,608. ಅರವತ್ತು ದಾಟಿ, ವ್ಯಾಪಾರದ ಆದಾಯ ಇಲ್ಲದವರಿಗೆ ಅಡ್ವಾನ್ಸ್ ಟ್ಯಾಕ್ಸ್ ಇಲ್ಲ. ನನಗೆ ಆಗ 53. ದರ ಆಮೇಲೆ ಬದಲಾಗಿದೆ, ನನ್ನ ಲೆಕ್ಕವನ್ನು ಹಾಗೇ ಇಳಿಸ್ಕೋಬೇಡಿ. ನಾನಾಗಿ ತಿದ್ದದೆ ಇದ್ದು ಅವರೇ ಹಿಡಿದಿದ್ದರೆ, ತೆರಿಗೆಯ ಅರ್ಧದಷ್ಟು ದಂಡ ಬೇರೆ ಬೀಳಬಹುದಿತ್ತು.

ದುಡ್ಡು ಎಲ್ಲಿಂದ ತರೋದು? 18 ಲಕ್ಷ ಕಣ್ಣ ಮುಂದೆ ಇದೆ, ತೆರಿಗೆ ಕಟ್ಟದೆ ಸಹಿ ಸಿಗಲ್ಲ, ಸಹಿ ಇಲ್ಲದೆ ದುಡ್ಡು ಬರಲ್ಲ. ಹೆಂಡತಿಯ ಬಳೆ, ಸರ ಅಡವಿಟ್ಟು ಚಲನ್ ಕಟ್ಟಿದೆ. ನಿಮಗೂ ಇದೇ ಗತಿ, ಈಗಿಂದಲೇ ಹೊಂದಿಸಿಕೊಳ್ಳಿ.

ತಿದ್ದಿದ ರಿಟರ್ನನ್ನು ಆಡಿಟರೇ ಹಾಕಿದರು. ಐಟಿಆರ್-1ರಲ್ಲಿ ಇದು ಆಗಲ್ಲ, ಐಟಿಆರ್-2 ಬೇಕು. ಅದರ ಕ್ಯಾಪಿಟಲ್ ಗೇನ್ಸ್ ಭಾಗದಲ್ಲಿ, ಹಿಂದಿನ ವರ್ಷ ಡೆಪಾಸಿಟ್ ಮಾಡಿ ಬಳಸದೆ ಉಳಿದದ್ದೆಷ್ಟು ಅಂತಲೇ ಒಂದು ಸಾಲು ಇದೆ. ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಫಾರಂ ಜಿ, ಚಲನ್, ರಿಟರ್ನಿನ ಸ್ವೀಕೃತಿ, ಪಾಸ್‌ಬುಕ್ ನಕಲು, ಕ್ರಯಪತ್ರ. ಜೊತೆಗೆ ಅರ್ಧ ಪುಟದ ಪತ್ರ: ಇಷ್ಟು ಹಾಕಿದೆ, ಇಷ್ಟು ಗಡುವಿನೊಳಗೆ ಖರ್ಚಾಯಿತು, ಉಳಿದದ್ದಕ್ಕೆ ಈ ವರ್ಷದ ರಿಟರ್ನಲ್ಲಿ ತೆರಿಗೆ ಕಟ್ಟಿದ್ದೇನೆ, ಖಾತೆ ಮುಚ್ಚಲು ಒಪ್ಪಿಗೆ ಕೊಡಿ.

ಆಗ ಮೇಡಂ ಫೋಟೋ ಕೇಳಿದರು! ಉಳಿದ ದುಡ್ಡಿಗಲ್ಲ, ಖರ್ಚಾದ 11 ಲಕ್ಷಕ್ಕೆ. ಅದು ನಿಜವಾಗಿ ಮನೆಗೇ ಹೋಯ್ತಾ ಅಂತ ನೋಡಬೇಕಲ್ಲ. ಸಿಮೆಂಟು, ಕಬ್ಬಿಣದ ಬಿಲ್ಲುಗಳು ಆಗ ಕೆಲಸಕ್ಕೆ ಬಂದವು. ಮನೆ ಪೂರ್ತಿ ಮುಗಿದಿರಲಿಲ್ಲ, ಅದೇ ನನಗಿದ್ದ ದೊಡ್ಡ ಭಯ. ಗಡುವಿನೊಳಗೆ ದುಡ್ಡು ಕಟ್ಟಡಕ್ಕೆ ಹಾಕಿದ್ದರೆ, ಕೆಲಸ ಎಲ್ಲ ರೀತಿಯಲ್ಲೂ ಮುಗಿದಿಲ್ಲ ಅಂತ ವಿನಾಯಿತಿ ತಪ್ಪಿಸಬಾರದು ಅಂತ ಕರ್ನಾಟಕ ಹೈಕೋರ್ಟ್ 2012ರಲ್ಲಿ ಹೇಳಿದೆ. ಅದು ಮನೆ ಅಲ್ಲದ ಬೇರೆ ಆಸ್ತಿ ಮಾರಿದವರಿಗೆ ಅನ್ವಯಿಸುವ ಸೆಕ್ಷನ್ 54ಎಫ್ ಕೇಸು. ಆಡಿಟರ್ ಆ ತೀರ್ಪಿನ ಪ್ರತಿ ಇಟ್ಟಿದ್ದರು. ನಿಮ್ಮದೂ ಅರ್ಧ ಮನೆ ಆಗಿದ್ದರೆ ಇಟ್ಟುಕೊಳ್ಳಿ.

ಸಹಿ ಆಯಿತು. ನನ್ನ ಹಳೇ ನಾಲ್ಕು ಪುಟದ ಪತ್ರವನ್ನು ಅವರು ಫೈಲಿಗೂ ಹಾಕಿರಲಿಲ್ಲ, ವಾಪಸ್ ಕೊಟ್ಟರು. ನೀವು ಮೊದಲು ಕ್ರಯಪತ್ರ ತೆಗೆದು ತಾರೀಖು ನೋಡಿ. ಆ ವರ್ಷದ ರಿಟರ್ನ್ ತಿದ್ದೋಕೆ ಇನ್ನೂ ಟೈಮ್ ಇದೆಯಾ ಅಂತ ನೋಡಿ ಇಲ್ಲೇ ತಿಳಿಸಿ.