ಕೀಟೋದಲ್ಲಿ ಎಲ್‌ಡಿಎಲ್ ಏರಿದ್ದು ಯಾಕೆ?

ಕಾರ್ಬ್ ಬಿಟ್ಟು ಕೊಬ್ಬು ಜಾಸ್ತಿ ತಿನ್ನೋ ಕೀಟೋ ಡಯಟ್ ಶುರು ಮಾಡಿ ನಾಲ್ಕು ತಿಂಗಳಾಯ್ತು. ಟ್ರೈಗ್ಲಿಸರೈಡ್ 160ರಿಂದ 65ಕ್ಕೆ ಇಳೀತು, ಕೆಟ್ಟ ಕೊಲೆಸ್ಟ್ರಾಲ್ ಅನ್ನೋ ಎಲ್‌ಡಿಎಲ್ ಮಾತ್ರ 110ರಿಂದ 230! ಲ್ಯಾಬ್ ತಪ್ಪಾ?

ಲ್ಯಾಬ್ ತಪ್ಪಿರಲಿಕ್ಕಿಲ್ಲ. ನೀವು ತೆಳ್ಳಗಿದ್ದು, ದಿನಾ ಓಡುವವರಾ? ಅಂಥವರಲ್ಲೇ ಇದು ಜಾಸ್ತಿ. ಕಾರ್ಬ್ ಬಿಟ್ಟಾಗ ಲಿವರ್ ಕೊಬ್ಬನ್ನು ವಿಎಲ್‌ಡಿಎಲ್ ಕಣಗಳಲ್ಲಿ ತುಂಬಿ ಕಳಿಸುತ್ತದೆ, ಸ್ನಾಯುಗಳು ಅದನ್ನು ಬೇಗ ಇಳಿಸಿಕೊಳ್ಳುವುದರಿಂದ ಟ್ರೈಗ್ಲಿಸರೈಡ್ ತಗ್ಗುತ್ತದೆ, ಖಾಲಿ ಗಾಡಿ ಎಲ್‌ಡಿಎಲ್ ಆಗಿ ರಕ್ತದಲ್ಲೇ ಸುತ್ತುತ್ತದೆ ಅನ್ನುವುದು ಒಂದು ವಿವರಣೆ. ತುಪ್ಪ, ಬೆಣ್ಣೆ ಸುರಿದುಕೊಂಡರೆ ಲಿವರ್ ಆ ಎಲ್‌ಡಿಎಲ್ ಅನ್ನು ವಾಪಸ್ ಎಳೆದುಕೊಳ್ಳುವುದೂ ನಿಧಾನ.

ಕೋಲಾರದ ನಮ್ಮ ಭಾವನಿಗೂ ಹೀಗೇ ಆಗಿತ್ತು. ದಿನಕ್ಕೊಂದು ಸಣ್ಣ ರಾಗಿಮುದ್ದೆ, ಅಂದರೆ ಸುಮಾರು 50 ಗ್ರಾಂ ಕಾರ್ಬ್, ಮತ್ತೆ ಶುರು ಮಾಡಿ ತುಪ್ಪದ ಬದಲು ಕಡಲೆಕಾಯಿ ಎಣ್ಣೆಗೆ ಬಂದರು; ಎರಡು ತಿಂಗಳಲ್ಲಿ ಎಲ್‌ಡಿಎಲ್ 140. ಟ್ರೈಗ್ಲಿಸರೈಡ್ ಚೆನ್ನಾಗಿದೆ ಅಂತ 230ನ್ನು ಸುಮ್ನೆ ಬಿಡಬೇಡಿ. ಇಂಥ ಕಣಗಳು ರಕ್ತದಲ್ಲಿ ಎಷ್ಟಿವೆ ಅಂತ ತೋರಿಸುವ ಅಪೊಬಿ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಡಾಕ್ಟರಿಗೆ ತೋರಿಸಿ.